ಶೇಡಿ ಮಣ್ಣಿನ ಬಾವಿಗೆ ಎಷ್ಟು ರಿಂಗ್ ಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಬಾವಿಯ ಲೆಕ್ಕ ಮಾಡೋಣ. ಬದಿಯಡ್ಕದ ಆಸುಪಾಸಿನ ಒಂದು ತೋಟದ ಬಾವಿ ಅಂತ ಇಟ್ಟುಕೊಳ್ಳಿ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ನಮ್ಮ ಕಾಸರಗೋಡಿನ ಗುಡ್ಡದ ಬದಿಯಲ್ಲಿ ಬಾವಿ ತೋಡಿಸಿದವರಿಗೆಲ್ಲ ಈ ಜೋಡಿ ಗೊತ್ತು. ಮುರಕಲ್ಲನ್ನು ಕಡಿದರೆ ಗೋಡೆ ತಾನೇ ನಿಲ್ಲುತ್ತದೆ, ಅದಕ್ಕೆ ಸಿಮೆಂಟೂ ಬೇಡ, ಕಲ್ಲಿನ ಕಟ್ಟೂ ಬೇಡ. ಶೇಡಿ ಹಾಗಲ್ಲ. ಒಣಗಿದಾಗ ಗಟ್ಟಿಯಾಗಿಯೇ ಕಾಣುತ್ತದೆ, ನೀರು ಕುಡಿದ ಮೇಲೆ ಬೆಣ್ಣೆಯಾಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯ ಕೆಳಭಾಗ ಒಳಗಿಂದೊಳಗೆ ಕುಸಿದು ಹೊಟ್ಟೆ ಬಿಡುತ್ತದೆ. ಮೇಲಿನ ಮುರಕಲ್ಲಿಗೆ ಆಗ ಕೆಳಗೆ ಆಧಾರವೇ ಇರುವುದಿಲ್ಲ.

ಆದ್ದರಿಂದ ಇಡೀ ಬಾವಿಗೆ ರಿಂಗ್ ಇಳಿಸಬೇಕಾಗಿಲ್ಲ, ಶೇಡಿ ಇರುವಷ್ಟು ಭಾಗಕ್ಕೆ ಇಳಿಸಿದರೆ ಸಾಕು. ಎಷ್ಟು ಅನ್ನುವುದನ್ನು ಅಳೆದೇ ಹೇಳಬೇಕು. ಬಾವಿ ತೋಡುವವರು ಆಳವನ್ನು ಕೋಲಿನಲ್ಲಿ ಹೇಳುತ್ತಾರೆ, "14 ಕೋಲು ಉಂಟು" ಅಂತ. ಒಬ್ಬರ ಕೋಲಿಗೂ ಇನ್ನೊಬ್ಬರ ಕೋಲಿಗೂ ಬರೀ 3 ಸೆಂಟಿಮೀಟರ್ ವ್ಯತ್ಯಾಸ ಇದ್ದರೂ 14 ಕೋಲಿಗೆ 42 ಸೆಂಟಿಮೀಟರ್ ಆಯಿತು, ಅಂದರೆ ಒಂದು ರಿಂಗಿಗಿಂತ ಜಾಸ್ತಿ. ಹಾಗಾಗಿ ಟೇಪು ಇಳಿಸಿ. ನಮ್ಮ ಬಾವಿ ನೆಲಮಟ್ಟದಿಂದ ತಳದವರೆಗೆ 10.5 ಮೀಟರ್. ಮೇಲಿನ 6 ಮೀಟರ್ ಮುರಕಲ್ಲು, ಕೆಳಗಿನ 4.5 ಮೀಟರ್ ಶೇಡಿ. ಬಾವಿಯ ಅಗಲ 2.1 ಮೀಟರ್.

ರಿಂಗುಗಳ ಸಾಲು ಶೇಡಿ ಮುಗಿದಲ್ಲಿಗೇ ನಿಲ್ಲಬಾರದು. ಕಲ್ಲು ಮತ್ತು ಶೇಡಿ ಸೇರುವ ಜಾಗದಲ್ಲೇ ನೀರು ಹೆಚ್ಚಾಗಿ ಒಸರುವುದು, ಅಲ್ಲಿಂದಲೇ ಮಣ್ಣು ಬಿಡುವುದು. ಎರಡು ಅಡಿಯಾದರೂ ಮುರಕಲ್ಲಿನ ಒಳಗೆ ಹತ್ತಿಸಬೇಕು. 4.5ಕ್ಕೆ 0.6 ಸೇರಿಸಿದರೆ 5.1 ಮೀಟರ್. ಒಂದು ರಿಂಗಿನ ಎತ್ತರ 30 ಸೆಂಟಿಮೀಟರ್ ಅಂತಾದರೆ 17 ರಿಂಗ್. ನಡುವೆ ಗಾರೆ ಇಡುವಲ್ಲಿ ಅರ್ಧ ಅರ್ಧ ಇಂಚು ಸಿಗುತ್ತದಲ್ಲ, ಅದನ್ನು ಹಿಡಿದು ಒಂದು ರಿಂಗ್ ಉಳಿಸುವ ಅಂತ ಕೆಲವರು 16 ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಳದ ರಿಂಗುಗಳಿಗೆ ಗಾರೆ ಇಡುವುದೇ ಇಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ತಳ ಸಮ ಮಾಡುವಾಗ ನಾಲ್ಕು ಬೆರಳು ಹೆಚ್ಚೇ ಕಡಿಯಬೇಕಾಗಿ ಬರುವುದೂ ಉಂಟು.

ಇನ್ನು ರಿಂಗಿನ ಅಳತೆ. "ಐದಡಿ ರಿಂಗ್" ಅಂತ ಫೋನಿನಲ್ಲಿ ಹೇಳಿ ಇಡಬೇಡಿ. ಒಳಗಿನ ಅಗಲವೋ ಹೊರಗಿನದ್ದೋ ಅಂತ ಬಿಡಿಸಿ ಹೇಳಿ. ನಾವು ಒಳಗಿನ ಅಗಲ 1.5 ಮೀಟರ್, ದಪ್ಪ 7.5 ಸೆಂಟಿಮೀಟರ್, ಅಂದರೆ ಮೂರಿಂಚು, ಅಂತ ಹಿಡಿಯೋಣ. ಹೊರಗಿನ ಅಗಲ 1.65 ಆಯಿತು. ಕಾಂಕ್ರೀಟಿನ ಲೆಕ್ಕಕ್ಕೆ ಇವೆರಡರ ನಡುವಿನದ್ದನ್ನು ತೆಗೆದುಕೊಳ್ಳಬೇಕು, 1.575. ರಿಂಗನ್ನು ಒಂದು ಕಡೆ ಕತ್ತರಿಸಿ ನೆಲದಲ್ಲಿ ಬಿಡಿಸಿಟ್ಟಿದ್ದೇವೆ ಅಂತ ಯೋಚಿಸಿ: ಒಂದು ಉದ್ದದ ಹಲಗೆ. ಅದರ ಉದ್ದ 3.14 × 1.575, ಅಂದರೆ 4.95 ಮೀಟರ್. ದಪ್ಪ 0.075, ಎತ್ತರ 0.3. ಮೂರನ್ನೂ ಗುಣಿಸಿದರೆ 0.111 ಘನ ಮೀಟರ್. ತೂಕ 265ರಿಂದ 270 ಕಿಲೋ. ನಾಲ್ಕು ಜನ ಸೇರಿ ಕೈಯಲ್ಲಿ ಇಳಿಸುವ ವಸ್ತು ಇದಲ್ಲ. ಮುಕ್ಕಾಲಿ ನಿಲ್ಲಿಸಿ ಚೈನ್ ಬ್ಲಾಕಿನಲ್ಲೇ ಇಳಿಸಬೇಕು, ಇಳಿಸುವಾಗ ಬಾವಿಯೊಳಗೆ ಯಾರೂ ಇರಬಾರದು.

17 ರಿಂಗಿಗೆ ಒಟ್ಟು 1.89 ಘನ ಮೀಟರ್ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಹೊಯಿಗೆ, ಮೂರು ಪಾಲು ಸಣ್ಣ ಜಲ್ಲಿ ಹಾಕಿದರೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟ್ ಹೋಗುತ್ತದೆ. ಅಂದರೆ ಒಂದು ರಿಂಗಿಗೆ ಮೂಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು. ಮನೆಯಂಗಳದಲ್ಲೇ ಅಚ್ಚು ಇಟ್ಟು ಹೊಯ್ಯಿಸುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು: ಈ ಅಳತೆಯ ರಿಂಗಿಗೆ ಹೆಚ್ಚುಕಡಿಮೆ ಒಂದು ಮೂಟೆ. "ಒಂದು ಮೂಟೆಯಲ್ಲಿ ಎರಡು ರಿಂಗ್ ತೆಗೆದುಕೊಡ್ತೇನೆ" ಅಂತ ಯಾರಾದರೂ ಹೇಳಿದರೆ ಖುಷಿಪಡಬೇಡಿ. ಲೆಕ್ಕ ಹಿಂದಕ್ಕೆ ಹಾಕಿ ನೋಡಿ, ಅದು ಒಂದಕ್ಕೆ ಮೂರು ಹೊಯಿಗೆ, ಆರು ಜಲ್ಲಿಯ ಮಿಶ್ರಣ. ನೆಲಕ್ಕೆ ಸಿಮೆಂಟ್ ಹಾಕುವ ಮೊದಲು ಅಡಿಗೆ ಹಾಸುವ ಕಾಂಕ್ರೀಟ್ ಅದು. ಸಂಜೆ ಖಾಲಿ ಮೂಟೆಗಳನ್ನು ಎಣಿಸಿದರೆ ಗುಟ್ಟು ರಟ್ಟಾಗುತ್ತದೆ. ಸಿದ್ಧ ರಿಂಗ್ ಕೊಳ್ಳುವವರಿಗೆ ಎಣಿಸಲು ಮೂಟೆ ಸಿಗುವುದಿಲ್ಲ. ಅವರು ರಿಂಗಿನ ಅಂಚನ್ನು ಮೊಳೆಯಿಂದ ಗೀರಿ ನೋಡಲಿ, ಹೊಯಿಗೆ ಉದುರಿದರೆ ಅದನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗಲಿ.

ಈಗ ಯಾರೂ ಲೆಕ್ಕ ಹಾಕದ ವಿಷಯಕ್ಕೆ ಬರುತ್ತೇನೆ. ಬಾವಿ 2.1 ಮೀಟರ್, ರಿಂಗಿನ ಹೊರಮೈ 1.65. ಸುತ್ತಲೂ ಒಂದು ಗೇಣು ಸಂದು ಉಳಿಯಿತು. ಒಂದು ಗೇಣು ಅಂದರೆ ಏನು ಮಹಾ ಅನ್ನಿಸುತ್ತದೆ. ಆದರೆ ಆ ಸಂದಿನ ವಿಸ್ತೀರ್ಣ 1.33 ಚದರ ಮೀಟರ್. 5.1 ಮೀಟರ್ ಎತ್ತರಕ್ಕೆ 6.76 ಘನ ಮೀಟರ್. ರಿಂಗುಗಳ ಕಾಂಕ್ರೀಟಿನ ಮೂರೂವರೆ ಪಟ್ಟು! ಘನ ಅಡಿಯಲ್ಲಿ 239, ಅಂದರೆ ಎರಡೂ ಕಾಲು ಯೂನಿಟ್ಟಿಗಿಂತ ಹೆಚ್ಚು ಜಲ್ಲಿ ಮತ್ತು ಹೊಯಿಗೆ. ಶೇಡಿ ಈಗಾಗಲೇ ಕುಸಿದು ಹೊಟ್ಟೆ ಬಿಟ್ಟಿದ್ದರೆ ಇನ್ನೂ ಜಾಸ್ತಿ. ಇದಕ್ಕೆ ದುಡ್ಡು ಎತ್ತಿಡದವರು ಕೊನೆಗೆ ಏನು ಮಾಡುತ್ತಾರೆ? ತೋಡಿ ತೆಗೆದ ಅದೇ ಶೇಡಿಯನ್ನು ಸಂದಿಗೆ ತಳ್ಳುತ್ತಾರೆ. ಅಥವಾ ಹಾಗೇ ಬಿಡುತ್ತಾರೆ.

ಹಾಗೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಿಂಗಿನ ಶಕ್ತಿಯೆಲ್ಲ ಅದು ದುಂಡಗಿರುವುದರಲ್ಲಿದೆ. ಸುತ್ತಲಿಂದ ಮಣ್ಣು ಒಂದೇ ಸಮ ಒತ್ತಿದರೆ ಕಾಂಕ್ರೀಟ್ ತನ್ನೊಳಗೇ ಬಿಗಿದುಕೊಳ್ಳುತ್ತದೆ, ಮೂರಿಂಚು ದಪ್ಪವೂ ಧಾರಾಳ. ಒಂದೇ ಕಡೆಯಿಂದ ಒತ್ತಿದರೆ ಕೈಬಳೆಯ ಗತಿಯೇ: ಮೊಟ್ಟೆಯಾಕಾರಕ್ಕೆ ಹಿಸುಕಿಕೊಂಡು ಸೀಳುತ್ತದೆ. ಒಳಗೆ ಹಾಕಿದ ಒಂದೆರಡು ಸುತ್ತು ತೆಳು ಸರಳು ಇರುವುದು ರಿಂಗನ್ನು ಎತ್ತಿ ಇಳಿಸುವಾಗ ಒಡೆಯದಿರಲಿ ಅಂತ. ಈ ಒತ್ತಡವನ್ನು ತಡೆಯುವ ತಾಕತ್ತು ಅದಕ್ಕಿಲ್ಲ. ಸಂದು ಖಾಲಿ ಇದ್ದರೆ ಮಳೆಗಾಲದಲ್ಲಿ ಶೇಡಿ ಒಂದು ಬದಿಯಿಂದ ಜರಿದು ಬಂದು ರಿಂಗಿಗೆ ಬಡಿಯುತ್ತದೆ. ತುಂಬುವಾಗಲೂ ಅಷ್ಟೇ, ಬುಟ್ಟಿ ಇಳಿಸಲು ಅನುಕೂಲ ಅಂತ ಒಂದೇ ಮೂಲೆಯಲ್ಲಿ ಸುರಿಯಬಾರದು. ಎರಡು ರಿಂಗ್ ಕೂರಿಸುವುದು, ಸುತ್ತ ತುಂಬುವುದು, ಮತ್ತೆ ಎರಡು ರಿಂಗ್. ಹದಿನೇಳನ್ನೂ ಇಳಿಸಿ ಆಮೇಲೆ ತುಂಬುತ್ತೇನೆ ಅನ್ನುವವನನ್ನು ತಡೆಯಿರಿ. ಮೇಲಿನಿಂದ ಸುರಿದ ಜಲ್ಲಿ ನಡುವೆ ಸಿಕ್ಕಿಹಾಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ.

ಕೆಳಗಿನ ಆರು ರಿಂಗುಗಳಿಗೆ ಗಾರೆ ಬೇಡ ಅಂದೆನಲ್ಲ, ಅದು ನೀರು ಬರಲಿ ಅಂತ. ಆ ರಿಂಗುಗಳಿಗೆ ಅಚ್ಚಿನಲ್ಲೇ ಪೈಪಿನ ತುಂಡು ಇಟ್ಟು ಕಣ್ಣು ಬಿಡಬೇಕು. ಆದರೆ ಕಣ್ಣಿನ ಹಿಂದೆ ಬರೀ ದಪ್ಪ ಜಲ್ಲಿ ಇದ್ದರೆ ಶೇಡಿ ನೀರಿನ ಜೊತೆಗೇ ಹರಿದು ಬಂದುಬಿಡುತ್ತದೆ, ಅದು ಅಷ್ಟು ನಯ. ರಿಂಗಿನ ಪಕ್ಕಕ್ಕೆ ಜಲ್ಲಿ, ಮಣ್ಣಿನ ಪಕ್ಕಕ್ಕೆ ದಪ್ಪ ಹೊಯಿಗೆ ಬರುವಂತೆ ತುಂಬಬೇಕು. ಒಂದು ಗೇಣಿನಲ್ಲಿ ಎರಡು ಪದರ ಮಾಡುವುದು ಕಷ್ಟವೇ. ನಡುವೆ ತಗಡೊಂದನ್ನು ಇಟ್ಟು ಎರಡೂ ಕಡೆ ತುಂಬುತ್ತಾ ತಗಡನ್ನು ಮೇಲಕ್ಕೆ ಎಳೆಯುತ್ತಾ ಹೋದರೆ ಆಗುತ್ತದೆ. ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ಮೊದಲ ಮಳೆಗಾಲದಲ್ಲೇ ಗೊತ್ತಾಗುತ್ತದೆ. ನೀರು ಒಂದೆರಡು ವಾರ ಕಲಕಿದಂತಿದ್ದು ತಿಳಿಯಾದರೆ ಚಿಂತೆಯಿಲ್ಲ. ಪಂಪು ಹಾಕಿದಾಗಲೆಲ್ಲ ಹಾಲಿನಂತೆ ಬೆಳ್ಳಗೆ ಬರುತ್ತಿದ್ದರೆ ಹಿಂದಿನ ಶೇಡಿ ಖಾಲಿಯಾಗುತ್ತಿದೆ ಅಂತ ಅರ್ಥ. ಬಾವಿಕಟ್ಟೆಯ ಹೊರಗೆ ನೆಲದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಕಂಡರಂತೂ ಹತ್ತಿರ ಹೋಗಬೇಡಿ.

ಉಪ್ಪಳ, ಕುಂಬಳೆಯ ಕಡಲ ಬದಿಯ ಹೊಯಿಗೆ ನೆಲದವರು ನಮ್ಮದು ಹೀಗಲ್ಲ ಅನ್ನಬಹುದು. ಹೌದು, ಅಲ್ಲಿ ಮೊದಲು ತೋಡಲು ಆಗುವುದೇ ಇಲ್ಲ. ರಿಂಗನ್ನು ನೆಲದ ಮೇಲಿಟ್ಟು ಒಳಗಿನ ಹೊಯಿಗೆ ತೆಗೆಯುತ್ತಾ ಅದನ್ನು ಇಳಿಸುವುದು, ಮೇಲೆ ಮತ್ತೊಂದು ಏರಿಸುವುದು. ಅಲ್ಲಿ ಸಂದಿನ ಲೆಕ್ಕ ಇಲ್ಲ, ಓರೆಯಾಗುವ ತಾಪತ್ರಯ ಮಾತ್ರ ಉಂಟು. ಅದು ಇನ್ನೊಂದು ದಿನದ ಮಾತು.

ಒಂದು ಸಣ್ಣ ಉಪಯೋಗ ಹೇಳಿ ಮುಚ್ಚಳಕ್ಕೆ ಬರುತ್ತೇನೆ. ಒಂದು ರಿಂಗಿನಷ್ಟು ಎತ್ತರದ ನೀರು ಅಂದರೆ 530 ಲೀಟರ್. ಏಪ್ರಿಲಿನಲ್ಲಿ ಬಗ್ಗಿ ನೋಡಿ ನಾಲ್ಕು ರಿಂಗ್ ನೀರಿದ್ದರೆ ಎರಡು ಸಾವಿರ ಲೀಟರ್ ಚಿಲ್ಲರೆ. ಸಾವಿರ ಲೀಟರಿನ ಟ್ಯಾಂಕಿಗೆ ಪಂಪು ಹಾಕುವ ಮೊದಲು ಬಾಯಿಲೆಕ್ಕದಲ್ಲೇ ಗೊತ್ತಾಗುತ್ತದೆ.

ಈಗ ಬಾಯಿಗೆ ಸ್ಲ್ಯಾಬ್. ಬಾವಿಯ ಬಾಯಿ 2.1 ಮೀಟರ್, ಕಟ್ಟೆಯ ಮೇಲೆ ಎರಡೂ ಬದಿ 15 ಸೆಂಟಿಮೀಟರ್ ಕೂರಬೇಕು, ಹಾಗಾಗಿ ಸ್ಲ್ಯಾಬಿನ ಅಗಲ 2.4 ಮೀಟರ್. ದಪ್ಪ 10 ಸೆಂಟಿಮೀಟರ್. 0.452 ಘನ ಮೀಟರ್ ಆಯಿತು. ಇಳಿಯಲು 60 ಸೆಂಟಿಮೀಟರಿನ ದುಂಡು ಬಾಯಿ ಬಿಟ್ಟರೆ ಅದರ 0.028 ಕಳೆದು 0.424 ಉಳಿಯುತ್ತದೆ. ತೂಕ ಒಂದು ಟನ್ನು ದಾಟಿತು. ಅದಕ್ಕೇ ಎರಡು ಅರ್ಧಗಳಾಗಿ ಹೊಯ್ಯುವುದು. ಸಿಮೆಂಟ್ ಮೂರೂವರೆ ಮೂಟೆ. ರಿಂಗಿನದ್ದು, ಗಾರೆಯದ್ದು ಎಲ್ಲ ಸೇರಿ 20 ಮೂಟೆ ತರಿಸಿಟ್ಟರೆ ಕೆಲಸ ನಡುವೆ ನಿಲ್ಲುವುದಿಲ್ಲ.

ಅರ್ಧಚಂದ್ರದ ಸ್ಲ್ಯಾಬಿನಲ್ಲಿ ನೇರ ಅಂಚಿನ ಕೆಳಗೆ ಆಧಾರವಿಲ್ಲ, ಎರಡು ತುದಿಗಳು ಮಾತ್ರ ಕಟ್ಟೆಯ ಮೇಲಿರುತ್ತವೆ. ಆದ್ದರಿಂದ 10 ಮಿಲಿಮೀಟರ್ ಸರಳುಗಳು ಆ ನೇರ ಅಂಚಿನ ಉದ್ದಕ್ಕೇ ಹೋಗಬೇಕು, 15 ಸೆಂಟಿಮೀಟರಿಗೊಂದರಂತೆ. ಅಂಚಿನ ಹತ್ತಿರ ಒಂದೆರಡು ಹೆಚ್ಚು. ಇಳಿಯುವ ಬಾಯನ್ನು ನಡುವೆ, ಎರಡು ಅರ್ಧ ಸೇರುವಲ್ಲಿ ಬಿಡುವುದು ನೋಡಲು ಚಂದ, ಆದರೆ ಅತಿ ಮುಖ್ಯವಾದ ಸರಳುಗಳೇ ಅಲ್ಲಿ ತುಂಡಾಗುತ್ತವೆ. ಕಟ್ಟೆಯ ಪಕ್ಕಕ್ಕೆ ಸರಿಸಿ, ಬಾಯಿಯ ಸುತ್ತ ಎರಡು ಸರಳು ಹೆಚ್ಚು ಕಟ್ಟಿಸಿ.

ಸರಳು ಸ್ಲ್ಯಾಬಿನ ತಳಭಾಗದಲ್ಲಿರಬೇಕು, ತಳದಿಂದ ಒಂದಿಂಚು ಮೇಲೆ. ಮೇಲಿನಿಂದ ಭಾರ ಬಿದ್ದಾಗ ಸ್ಲ್ಯಾಬ್ ಹಿಗ್ಗಿ ಬಿರಿಯುವುದು ತಳದಲ್ಲೇ. ಅಂಗಳದಲ್ಲಿ ಹೊಯ್ದ ಸ್ಲ್ಯಾಬನ್ನು ನಿಲ್ಲಿಸಿ, ಸಾಗಿಸಿ, ಕಟ್ಟೆಯ ಮೇಲೆ ಮಲಗಿಸುವ ಗಡಿಬಿಡಿಯಲ್ಲಿ ಅದು ಮಗುಚಿ ಕೂತರೆ ಸರಳೆಲ್ಲ ಮೇಲೆ ಬಂತು. ಹೊರಗಿನಿಂದ ಒಂದೂ ಗೊತ್ತಾಗುವುದಿಲ್ಲ, ಎರಡು ಮುಖವೂ ಒಂದೇ ಥರ. ಹಾಗಾಗಿ ಹೊಯ್ದ ದಿನವೇ, ಕಾಂಕ್ರೀಟ್ ಹಸಿ ಇರುವಾಗ, ಮೊಳೆಯಿಂದ "ಮೇಲೆ" ಅಂತ ದೊಡ್ಡದಾಗಿ ಕೊರೆದುಬಿಡಿ. ಹದಿನಾಲ್ಕು ದಿನ ಒದ್ದೆ ಗೋಣಿ ಹೊದೆಸಿಟ್ಟು ಆಮೇಲೆ ಎತ್ತಿ. ನಾಲ್ಕು ಜನ ನಿಂತು ನೀರೆಳೆಯಲು ಈ ಸ್ಲ್ಯಾಬ್ ಸಾಕು. ನೆಲಮಟ್ಟದಲ್ಲೇ ಮುಚ್ಚಿ ಅದರ ಮೇಲೆ ಜೀಪು ದಾಟಿಸಬೇಕು ಅನ್ನುವವರು ಇದೇ ಲೆಕ್ಕವನ್ನು ಹಿಡಿದುಕೊಂಡು ಹೋಗಬೇಡಿ, ಅದಕ್ಕೆ ಇಂಜಿನಿಯರರ ಹತ್ತಿರ ಬೇರೆಯೇ ಮಾಡಿಸಬೇಕು.