ರಜೆ ಅರ್ಜಿಗೆ ಉತ್ತರವಿಲ್ಲ, ಪ್ರಯಾಣ ಹತ್ತಿರ ಬಂತು: ನೆನಪಿನ ಸಂದೇಶ ಹೇಗಿರಬೇಕು?

[ನಿರೂಪಕ ಮೇಜಿನ ಮುಂದೆ. ಹಿಂದೆ ಡಿಸೆಂಬರ್ ತಿಂಗಳ ಗೋಡೆ ಕ್ಯಾಲೆಂಡರ್.]

ನಮಸ್ಕಾರ. ಈ ಕಥೆಯಲ್ಲಿ ಉತ್ತರ ಕೊಡದೆ ಕುಳಿತಿದ್ದವನು ನಾನೇ.

ಆಗ ನಾನು ಬೆಂಗಳೂರಿನ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತಿದ್ದೆ. ನಮ್ಮ ತಂಡದ ಯುವತಿಯೊಬ್ಬಳು ನವೆಂಬರ್ 12ರಂದು ಪೋರ್ಟಲ್‌ನಲ್ಲಿ ರಜೆಗೆ ಅರ್ಜಿ ಹಾಕಿದಳು. ಡಿಸೆಂಬರ್ 18ರಿಂದ 24, ಅಪ್ಪ ಅಮ್ಮನನ್ನು ಕನ್ಯಾಕುಮಾರಿಗೆ ಕರೆದುಕೊಂಡು ಹೋಗಲು. ರೈಲು ಟಿಕೆಟ್ ಆಗಿತ್ತು, ಅಲ್ಲಿ ಕೊಠಡಿಯೂ ಆಗಿತ್ತು. ನವೆಂಬರ್ 26 ಬಂದರೂ ನನ್ನಿಂದ ಒಂದು ಮಾತಿಲ್ಲ.

ಕೋಪವಿತ್ತೇ? ಇಲ್ಲ. ಅರ್ಜಿಯನ್ನು ಮೊದಲ ದಿನವೇ ನೋಡಿದ್ದೆ. ಜಿಎಸ್‌ಟಿ ತೆರಿಗೆಯ ರಿಟರ್ನ್ ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ಎಂಬ ಫಾರ್ಮಿನ ಕೊನೆಯ ದಿನ 20. ಅವಳು ಕೇಳಿದ ರಜೆ ಸರಿಯಾಗಿ ಅದರ ಮೇಲೆ ಕುಳಿತಿತ್ತು. ‘ಆಗದು’ ಎನ್ನಲು ಮನಸ್ಸಿಲ್ಲ, ‘ಆಗಲಿ’ ಎನ್ನಲು ಧೈರ್ಯವಿಲ್ಲ, ಆಮೇಲೆ ನೋಡೋಣ ಎಂದು ಬಿಟ್ಟೆ. ಆ ‘ಆಮೇಲೆ’ ಎರಡು ವಾರವಾಯಿತು. ನಾನು ಕಂಡಂತೆ ರಜೆ ಅರ್ಜಿಗಳು ಕೊಳೆಯುವುದು ಹೆಚ್ಚಾಗಿ ಹೀಗೆಯೇ. ಅಧಿಕಾರಿಯ ತಲೆಯಲ್ಲಿ ಒಂದು ತೊಡಕು ಇರುತ್ತದೆ, ಅದನ್ನು ಬಿಡಿಸಲು ಅವನಿಗೆ ಪುರುಸೊತ್ತು ಇರುವುದಿಲ್ಲ.

[ಪರದೆಯ ಮೇಲೆ: ಮೊದಲು ಪೋರ್ಟಲ್ ನೋಡಿ]

ಸಂದೇಶ ಬರೆಯುವ ಮುಂಚೆ ಎರಡು ನಿಮಿಷದ ಕೆಲಸವಿದೆ. ಅರ್ಜಿ ನಿಜವಾಗಿ ಸಲ್ಲಿಕೆಯಾಗಿದೆಯೇ, ಕರಡಾಗಿಯೇ ಉಳಿದಿದೆಯೇ ನೋಡಿ. ಮಂಜೂರು ಮಾಡುವವರ ಹೆಸರಿನ ಜಾಗದಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಿ. ವಿಭಾಗ ಬದಲಾದವರ ಅರ್ಜಿ ಹಳೆಯ ಅಧಿಕಾರಿಯ ಬಳಿಗೇ ಹೋಗಿ ಕುಳಿತಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗಾಗಿದ್ದರೆ ಈಗಿನ ಅಧಿಕಾರಿಗೆ ನೀವು ಕಳಿಸುವ ನೆನಪಿನ ಓಲೆ ಅವರ ಪಾಲಿಗೆ ಹೊಸ ಸುದ್ದಿ.

ಇನ್ನು ದಿನದ ಲೆಕ್ಕ. ಬಹಳ ಮಂದಿ ಎಡವುವುದು ಇಲ್ಲಿ. ‘ಡಿಸೆಂಬರ್ 18ಕ್ಕೆ ಹೊರಡಬೇಕು, ಬೇಗ ತಿಳಿಸಿ’ ಎಂದು ಬರೆಯುತ್ತಾರೆ. ಓದುವವನಿಗೆ ಡಿಸೆಂಬರ್ 18 ಎಂದರೆ ಇನ್ನೂ ಮೂರು ವಾರ ದೂರ. ನಿಮಗೆ ಮುಖ್ಯವಾದದ್ದು ಹೊರಡುವ ದಿನವಲ್ಲ, ಹಣ ಕಳೆದುಕೊಳ್ಳದೆ ಹಿಂದೆ ಸರಿಯಬಹುದಾದ ಕೊನೆಯ ದಿನ. ಬುಕಿಂಗ್ ಖಚಿತವಾದಾಗ ಬಂದ ಮೇಲ್ ತೆರೆದು ರದ್ದತಿಯ ಷರತ್ತು ಓದಿ. ಅವಳ ಕೊಠಡಿಯನ್ನು ಶುಲ್ಕವಿಲ್ಲದೆ ಬಿಡಲು ಡಿಸೆಂಬರ್ 3 ಕೊನೆ. ರೈಲು ಟಿಕೆಟ್ ರದ್ದತಿಗೆ ಹೇಗೂ ಶುಲ್ಕ ಇದ್ದೇ ಇದೆ, ಆದರೆ ಹೊರಡುವ ಹೊತ್ತು ಹತ್ತಿರವಾದಂತೆ ಅದು ಏರುತ್ತದೆ. ಹಾಗಾಗಿ ಎರಡರಲ್ಲಿ ಮೊದಲು ಕಚ್ಚುವುದು ಕೊಠಡಿ. ಎರಡು ದಿನ ಕೈಯಲ್ಲಿ ಇಟ್ಟುಕೊಂಡು ಉತ್ತರಕ್ಕೆ ಅವಳು ಹೇಳಬೇಕಾದ ಗಡುವು ಡಿಸೆಂಬರ್ 1.

[ಕ್ಯಾಲೆಂಡರ್‌ನಲ್ಲಿ 1, 3, 18 ಸುತ್ತು ಹಾಕುವುದು]

ಈಗ ಸಂದೇಶ. ಅವಳು ಮೊದಲು ಬರೆದು ಅಳಿಸಿದ್ದನ್ನು ಆಮೇಲೆ ನನಗೆ ಹೇಳಿದಳು:

‘ಸರ್, ಅರ್ಜಿ ಹಾಕಿ ಎರಡು ವಾರವಾಯಿತು. ಟಿಕೆಟ್, ರೂಮ್ ಎಲ್ಲ ಬುಕ್ ಆಗಿದೆ. ದಯವಿಟ್ಟು ಮಂಜೂರು ಮಾಡಿ.’

‘ದಯವಿಟ್ಟು’ ಇದೆ, ಆದರೂ ಓದಿದರೆ ಚುಚ್ಚುತ್ತದೆ. ಮೊದಲ ವಾಕ್ಯ ನನ್ನ ತಪ್ಪನ್ನು ಎಣಿಸುತ್ತದೆ, ಎರಡನೆಯದು ಕೈ ಕಟ್ಟುತ್ತದೆ. ನನ್ನನ್ನು ಕೇಳದೆ ಏಕೆ ಬುಕ್ ಮಾಡಿದೆ ಎಂಬ ಪ್ರಶ್ನೆ ಸುಮ್ಮನೆ ಹುಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, 20ನೇ ತಾರೀಖಿನ ತೊಡಕು ಇದ್ದಲ್ಲಿಯೇ ಇದೆ. ಅವಳು ಕೊನೆಗೆ ಕಳಿಸಿದ್ದು ಇದು:

[ಪರದೆಯ ಮೇಲೆ ಪೂರ್ಣ ಸಂದೇಶ. ನಿಧಾನವಾಗಿ ಓದುವುದು.]

‘ವಿಷಯ: ಡಿಸೆಂಬರ್ 18–24 ರಜೆ, ಡಿಸೆಂಬರ್ 1ರೊಳಗೆ ತಿಳಿಸಲು ಕೋರಿಕೆ

ಸರ್, ನಮಸ್ಕಾರ. ನವೆಂಬರ್ 12ರಂದು ಸಲ್ಲಿಸಿದ ನನ್ನ ರಜೆ ಅರ್ಜಿ ಪೋರ್ಟಲ್‌ನಲ್ಲಿ ಇನ್ನೂ ಬಾಕಿ ಎಂದು ತೋರಿಸುತ್ತಿದೆ. ತಂದೆ ತಾಯಿಯೊಂದಿಗೆ ಕನ್ಯಾಕುಮಾರಿಗೆ ಹೋಗುವ ಯೋಜನೆಯಿದೆ. ಕೊಠಡಿಯನ್ನು ಶುಲ್ಕವಿಲ್ಲದೆ ರದ್ದು ಮಾಡಲು ಡಿಸೆಂಬರ್ 3 ಕೊನೆಯ ದಿನ. ಆದ್ದರಿಂದ 1ರ ಸಂಜೆಯೊಳಗೆ ತಮ್ಮ ತೀರ್ಮಾನ ತಿಳಿದರೆ, ಅದು ಏನೇ ಇರಲಿ, ನನಗೆ ಅನುಕೂಲ.

20ರ 3ಬಿ ಬಗ್ಗೆ: 14ರಂದು 2ಬಿ ಬಂದ ಕೂಡಲೇ ಖರೀದಿ ಬಿಲ್ಲುಗಳನ್ನು ತಾಳೆ ನೋಡಿ, 17ರೊಳಗೆ ಕರಡು ತಮಗೆ ಒಪ್ಪಿಸುತ್ತೇನೆ. ಸಲ್ಲಿಕೆಯನ್ನು ನೋಡಿಕೊಳ್ಳಲು ಪಕ್ಕದ ಮೇಜಿನವರು ಒಪ್ಪಿದ್ದಾರೆ. ಏನಾದರೂ ಸಂದೇಹ ಬಂದರೆ 20ರ ಬೆಳಿಗ್ಗೆ ಫೋನಿನಲ್ಲಿ ಸಿಗುತ್ತೇನೆ.’

ಇಲ್ಲಿ ಬುಕಿಂಗ್ ಇರುವುದು ದಿನಾಂಕಕ್ಕೆ ಕಾರಣವಾಗಿ, ಮಂಜೂರಿಗೆ ಕಾರಣವಾಗಿ ಅಲ್ಲ. ‘ಏನೇ ಇರಲಿ’ ಎಂಬ ಎರಡು ಪದ ನನಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಕೊಟ್ಟವು. ವಿಚಿತ್ರವೆಂದರೆ ಆ ಸ್ವಾತಂತ್ರ್ಯ ಸಿಕ್ಕ ಮೇಲೆ ಹೌದು ಎನ್ನುವುದು ಸುಲಭವಾಯಿತು. ಎರಡನೆಯ ಭಾಗವಂತೂ ನಾನು ಎರಡು ವಾರ ಮುಂದೂಡಿದ ಯೋಚನೆಯನ್ನು ನನ್ನ ಬದಲು ಮಾಡಿ ಮುಗಿಸಿತ್ತು. 2ಬಿ ಎಂದರೆ ಖರೀದಿಯ ಮೇಲೆ ಸಿಗುವ ತೆರಿಗೆ ಜಮೆಯ ಪಟ್ಟಿ, ಅದು ಬರುವುದೇ 14ಕ್ಕೆ, ಹಾಗಾಗಿ 10ರೊಳಗೆ ಮುಗಿಸುತ್ತೇನೆ ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. 17 ಎಂದದ್ದಕ್ಕೆ ನಂಬಿದೆ. ನಿಮ್ಮ ಕೆಲಸ ಬೇರೆಯಿರಬಹುದು, ಆದರೆ ಅಲ್ಲಿಯೂ ಆ ದಿನಗಳ ಮೇಲೆ ಕುಳಿತ ಒಂದು ‘20’ ಇರುತ್ತದೆ. ಅದನ್ನು ಹುಡುಕಿ, ಹೆಸರಿಸಿ ಬರೆಯಿರಿ.

ಬೇರೆ ದಿನಗಳಾದರೂ ಆದೀತು ಎಂದು ಅವಳು ಬರೆಯಲಿಲ್ಲ, ಗಮನಿಸಿದಿರಾ? ಕ್ರಿಸ್‌ಮಸ್ ಹತ್ತಿರದ ರೈಲುಗಳನ್ನು ನೋಡಿದ್ದಳು, ವೇಟಿಂಗ್ ಲಿಸ್ಟ್ ಉದ್ದವಿತ್ತು. ನಡೆಸಲಾಗದ ಪರ್ಯಾಯವನ್ನು ಮರ್ಯಾದೆಗೆಂದು ಬರೆದರೆ, ಅಧಿಕಾರಿ ‘ಸರಿ, ಹಾಗೆಯೇ ಆಗಲಿ’ ಎಂದುಬಿಟ್ಟಾನು.

[ಪರದೆಯ ಮೇಲೆ: ‘ಮೌನಂ ಸಮ್ಮತಿ ಲಕ್ಷಣಂ’, ಅದರ ಮೇಲೆ ಕೆಂಪು ಅಡ್ಡಗೆರೆ]

ಒಂದು ವಾಕ್ಯವನ್ನು ಮಾತ್ರ ಬರೆಯಲೇಬೇಡಿ: ‘ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸುತ್ತೇನೆ.’ ಮೌನವೇ ಸಮ್ಮತಿ ಎನ್ನುವುದು ಹೆಣ್ಣು ನೋಡುವ ಶಾಸ್ತ್ರಕ್ಕೇ ಈಗ ಸಲ್ಲದು, ರಜೆ ಪೋರ್ಟಲ್‌ಗೆ ಎಲ್ಲಿಯ ಮಾತು? ಇಷ್ಟು ದಿನವಾದರೆ ತಾನಾಗಿ ಮಂಜೂರು ಎಂಬ ನಿಯಮ ಕೆಲವು ಕಡೆ ಇರಬಹುದು, ತಾನಾಗಿ ತಿರಸ್ಕೃತ ಎಂದೂ ಇರಬಹುದು. ನಿಮ್ಮ ಸಂಸ್ಥೆಯ ರಜೆ ನಿಯಮದಲ್ಲಿ ಬರೆದಿದ್ದರೆ ಸರಿ, ಬರೆದಿಲ್ಲದಿದ್ದರೆ ಬಾಕಿ ಎಂದರೆ ಬಾಕಿಯೇ.

ಡಿಸೆಂಬರ್ 1 ಕಳೆದರೂ ಉತ್ತರ ಬಾರದಿದ್ದರೆ? ಇನ್ನೊಂದು ಮೇಲ್ ಬೇಡ. 2ರ ಬೆಳಿಗ್ಗೆ ಎದುರಿಗೆ ಹೋಗಿ, ಅಥವಾ ಫೋನ್ ಮಾಡಿ: ‘ಸರ್, ರಜೆಯ ವಿಷಯ, ಎರಡು ನಿಮಿಷ ಇದೆಯೇ? ಕೊಠಡಿ ನಾಳೆಯೊಳಗೆ ತೀರ್ಮಾನಿಸಬೇಕು.’ ಅವರು ಸಿಗದಿದ್ದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ದೂರಾಗಿ ಅಲ್ಲ, ಪ್ರಶ್ನೆಯಾಗಿ ಬರೆಯಿರಿ: ಅಧಿಕಾರಿ ಸಿಗದಿರುವಾಗ ಮಂಜೂರು ಮಾಡುವವರು ಯಾರು? ಅದೂ ಆಗದಿದ್ದರೆ 3ರಂದು ಕೊಠಡಿ ಬಿಡುವುದೇ ಜಾಣತನ. ಮತ್ತೆ ಸಿಕ್ಕರೂ ಸಿಗಬಹುದು.

ನಾನಂತೂ ಅವಳ ಮೇಲ್ ಬಂದ ದಿನವೇ ಮಧ್ಯಾಹ್ನ ಕಾಫಿ ಯಂತ್ರದ ಬಳಿ ಅವಳಿಗೆ, ‘ಹೋಗಿ ಬಾರಮ್ಮ, ಸಾಧ್ಯವಾದರೆ 3ಬಿಯನ್ನು 17ಕ್ಕೇ ಸಲ್ಲಿಸಿಬಿಡೋಣ’ ಎಂದೆ. ಅವಳು ಅಲ್ಲಿಗೇ ಬಿಡಲಿಲ್ಲ. ಹತ್ತು ನಿಮಿಷದಲ್ಲಿ ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲು ಬಂತು: ‘ಧನ್ಯವಾದ ಸರ್. ಈಗ ಮಾತನಾಡಿದಂತೆ 18ರಿಂದ 24 ರಜೆ, 3ಬಿ 17ಕ್ಕೆ. ಸಂಬಳದ ಲೆಕ್ಕ ಪೋರ್ಟಲ್‌ನಿಂದ ಹೋಗುವುದರಿಂದ, ಅಲ್ಲಿಯೂ ಮಂಜೂರು ಒತ್ತಬೇಕಾಗಿ ವಿನಂತಿ.’

ನಾನು ಮರೆತಿದ್ದೆ. ಒತ್ತಿದೆ.