ಐಆರ್ ಗ್ರಾಫಿನ ಎಡಗಡೆ ಎರಡು ಕೋಡು

ಕೇಳುಗರೆಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿ ಓದುತ್ತಿರುವ ಮಕ್ಕಳು ಯಾರಾದರೂ ಇದನ್ನು ಕೇಳುತ್ತಿದ್ದರೆ ಒಂದು ಹಾಳೆ, ಒಂದು ಪೆನ್ಸಿಲ್ ತಗೊಳ್ಳಿ. ಐಆರ್ ಗ್ರಾಫ್ ಅಂದರೆ ಕಣ್ಣಲ್ಲಿ ನೋಡುವ ವಸ್ತು, ರೇಡಿಯೋದಲ್ಲಿ ತೋರಿಸಲು ಬರುವುದಿಲ್ಲ, ಹಾಗಾಗಿ ನಾನು ಹೇಳುತ್ತಾ ಹೋಗುತ್ತೇನೆ, ನೀವು ಬರೆಯುತ್ತಾ ಹೋಗಿ.

ಹಾಳೆಯ ಮೇಲ್ಗಡೆ ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಎಡತುದಿಗೆ 4000, ಬಲತುದಿಗೆ 400 ಅಂತ ಬರೆಯಿರಿ. ಇದು ಸೆಂಟಿಮೀಟರ್ ಇನ್ವರ್ಸ್ ಲೆಕ್ಕ, ಇನ್ನು ಮೇಲೆ ನಾನು ಬರೀ ಅಂಕಿ ಹೇಳುತ್ತೇನೆ. ಸ್ಯಾಂಪಲ್ ಮೇಲೆ ಐಆರ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತೇವೆ. ಸ್ಯಾಂಪಲ್ ಆ ಬೆಳಕನ್ನು ಹೀರದ ಕಡೆ ಗೆರೆ ಮೇಲೇ ಇರುತ್ತದೆ. ಹೀರಿದ ಕಡೆ ಕೆಳಗೆ ಇಳಿಯುತ್ತದೆ. ಆ ಇಳಿತಕ್ಕೆ ನಾವು ಲ್ಯಾಬಿನಲ್ಲಿ ಪೀಕ್ ಅಂತಲೇ ಅನ್ನುತ್ತೇವೆ.

ಈಗ 1700ರ ಹತ್ತಿರ ಒಂದು ಸಪೂರ, ಆಳ ಪೀಕ್ ಬರೆಯಿರಿ. ನಮ್ಮ ವಿಜಯಪುರದ ಕೊಳವೆಬಾವಿ ಇದ್ದ ಹಾಗೆ, ಬಾಯಿ ಸಣ್ಣದು, ಇಳಿತ ಜಾಸ್ತಿ. ಇದು ಕಾರ್ಬೊನಿಲ್. ಕಾರ್ಬನ್ನಿಗೂ ಆಕ್ಸಿಜನ್ನಿಗೂ ನಡುವೆ ಇರುವ ಆ ಜೋಡಿ ಬಂಧ ಒಂದು ಬಿಗಿಯಾದ ಸ್ಪ್ರಿಂಗ್ ಅಂದುಕೊಳ್ಳಿ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ, ಹಾಗಾಗಿ ಸ್ಪ್ರಿಂಗ್ ಹಿಗ್ಗಿ ಕುಗ್ಗಿದಾಗ ಅದರ ಎರಡು ತುದಿಗಳ ಚಾರ್ಜಿನ ಲೆಕ್ಕ ಜೋರಾಗಿ ಏರುಪೇರಾಗುತ್ತದೆ, ಬೆಳಕು ಹಿಡಿಯುವುದು ಆ ಏರುಪೇರನ್ನೇ. ಅದಕ್ಕೇ ಪೀಕ್ ಅಷ್ಟು ಆಳ. ಸಾದಾ ಕೀಟೋನಿನಲ್ಲಿ ಇದು ಸುಮಾರು 1715ಕ್ಕೆ ಬರುತ್ತದೆ, ಸಾದಾ ಎಸ್ಟರಿನಲ್ಲಿ 1735ರಿಂದ 1750ರ ಒಳಗೆ, ಅಮೈಡಿನಲ್ಲಿ 1650ರಿಂದ 1690. ಈ ಮೂರು ಸಂಖ್ಯೆ ಹಾಳೆಯ ಮೂಲೆಯಲ್ಲಿ ಬರೆದಿಡಿ, ಆಮೇಲೆ ಬೇಕಾಗುತ್ತವೆ.

ಇನ್ನು ಎಡಗಡೆಗೆ ಬನ್ನಿ, 3600ರಿಂದ 3200ರ ಜಾಗಕ್ಕೆ. ಮಕ್ಕಳು ಎಡವುವುದು ಇಲ್ಲೇ. ಹೈಡ್ರಾಕ್ಸಿಲ್ಲೂ ಇಲ್ಲೇ ಬರುತ್ತದೆ, ಅಮೀನೂ ಇಲ್ಲೇ ಬರುತ್ತದೆ. ಬರೀ ಸಂಖ್ಯೆ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಸಂಖ್ಯೆಗಿಂತ ಮೊದಲು ಆಕಾರ ನೋಡಬೇಕು.

ಆಲ್ಕೋಹಾಲಿನ ಪೀಕ್ ಗೋಲಗುಮ್ಮಟವನ್ನು ತಲೆಕೆಳಗು ಮಾಡಿ ಇಟ್ಟ ಹಾಗೆ ಇರುತ್ತದೆ. ಅಗಲ, ದುಂಡಗೆ, ಆಳ. ಯಾಕೆ ಅಗಲ ಅಂದರೆ, ಒಂದು ಅಣುವಿನ ಹೈಡ್ರಾಕ್ಸಿಲ್ ಪಕ್ಕದ ಅಣುವಿನ ಆಕ್ಸಿಜನ್ನನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ಒಂದು ಕಡೆ ಹಿಡಿತ ಬಿಗಿ, ಇನ್ನೊಂದು ಕಡೆ ಸಡಿಲ. ಪ್ರತಿ ಅಣುವೂ ಸ್ವಲ್ಪ ಬೇರೆ ಸಂಖ್ಯೆಯಲ್ಲಿ ಹೀರುತ್ತದೆ, ಎಲ್ಲವೂ ಸೇರಿ ಒಂದು ಅಗಲವಾದ ಗುಮ್ಮಟವಾಗುತ್ತದೆ. ಅದೇ ಆಲ್ಕೋಹಾಲನ್ನು ಹೈಡ್ರೋಜನ್ ಬಂಧ ಮಾಡದ ದ್ರಾವಕದಲ್ಲಿ ತುಂಬಾ ತೆಳುವಾಗಿ ಕರಗಿಸಿದರೆ ಅಣುಗಳು ದೂರ ದೂರವಾಗುತ್ತವೆ, ಆಗ 3600ರ ಹತ್ತಿರ ಸಣ್ಣ ಚೂಪಾದ ಪೀಕ್ ಕಾಣುತ್ತದೆ.

ಕಾರ್ಬಾಕ್ಸಿಲಿಕ್ ಆಮ್ಲದಲ್ಲಿ, ಅಂದರೆ ನಮ್ಮ ಇಂಡಿ ಲಿಂಬೆಯನ್ನು ಹುಳಿ ಮಾಡುವ ಗುಂಪಿನಲ್ಲಿ, ಈ ಹಿಡಿತ ಇನ್ನೂ ಗಟ್ಟಿ. ಪೀಕ್ 3300ರಿಂದ 2500ರ ತನಕ ಕಂಬಳಿ ಹಾಸಿದಂತೆ ಹರಡಿಕೊಳ್ಳುತ್ತದೆ, ಸಿ-ಎಚ್ ಪೀಕುಗಳು ಅದರ ಮೇಲೇ ಕೂತಿರುತ್ತವೆ. ಜೊತೆಗೆ 1700ರ ಬಾವಿಯೂ ಇದ್ದರೆ ಆಮ್ಲ ಅಂತ ಧೈರ್ಯವಾಗಿ ಬರೆಯಬಹುದು.

ಅಮೀನ್ ಹಾಗಲ್ಲ. ನೈಟ್ರೋಜನ್ನಿನ ಹೈಡ್ರೋಜನ್ ಬಂಧ ಆಕ್ಸಿಜನ್ನಿನದಕ್ಕಿಂತ ಸಡಿಲ, ಹಾಗಾಗಿ ಪೀಕ್ ಸಪೂರ, ಆಳವೂ ಕಡಿಮೆ. ನೈಟ್ರೋಜನ್ ಮೇಲೆ ಎರಡು ಹೈಡ್ರೋಜನ್ ಇದ್ದರೆ ಎರಡು ಪೀಕ್, ಎತ್ತಿನ ಕೋಡಿನ ಹಾಗೆ. ಎರಡೂ ಹೈಡ್ರೋಜನ್ ಒಟ್ಟಿಗೆ ಹಿಗ್ಗುವುದು ಒಂದು ಕುಣಿತ, ಒಂದು ಹಿಗ್ಗಿದಾಗ ಇನ್ನೊಂದು ಕುಗ್ಗುವುದು ಇನ್ನೊಂದು ಕುಣಿತ. ಒಂದೇ ಹೈಡ್ರೋಜನ್ ಇದ್ದರೆ ಒಂದೇ ಕೋಡು. ಹೈಡ್ರೋಜನ್ನೇ ಇಲ್ಲದ ಟರ್ಷಿಯರಿ ಅಮೀನ್ ಈ ಜಾಗದಲ್ಲಿ ಏನೂ ತೋರಿಸುವುದಿಲ್ಲ. ಅಂದರೆ ಕೋಡು ಕಾಣಲಿಲ್ಲ ಅಂತ ನೈಟ್ರೋಜನ್ ಇಲ್ಲ ಅಂತ ಬರೆಯುವ ಹಾಗಿಲ್ಲ.

ಒಂದು ಪೆಟ್ಟು ತಿಂದ ಕಥೆ ಹೇಳುತ್ತೇನೆ. ನಾನು ಓದುವಾಗ ಬೆಳಗಾವಿಯಲ್ಲಿದ್ದೆ. ಆಗಸ್ಟ್ ತಿಂಗಳು, ವಾರಗಟ್ಟಲೆ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಸ್ಯಾಂಪಲ್ ಒಂದೆರಡು ಮಿಲಿಗ್ರಾಂ, ಪೊಟ್ಯಾಶಿಯಂ ಬ್ರೋಮೈಡ್ ಸುಮಾರು 200 ಮಿಲಿಗ್ರಾಂ, ಎರಡನ್ನೂ ಅಗೇಟ್ ಕಲ್ಲಿನ ಪುಟ್ಟ ಖಲ್ಬತ್ತಿನಲ್ಲಿ ಅರೆದು, ಪ್ರೆಸ್ಸಿನಲ್ಲಿ ಒತ್ತಿ ಬಿಲ್ಲೆ ಮಾಡಿದೆ. ಗ್ರಾಫಿನಲ್ಲಿ 3400ಕ್ಕೆ ಚೆಂದದ ಗುಮ್ಮಟ ಬಂತು. ಆಲ್ಕೋಹಾಲ್ ಅಂತ ಬರೆದುಕೊಟ್ಟೆ. ಸ್ಯಾಂಪಲ್‌ನಲ್ಲಿ ಹೈಡ್ರಾಕ್ಸಿಲ್ಲೇ ಇರಲಿಲ್ಲ. ನಾನು ನೋಡಿದ್ದು ಮಳೆಗಾಲದ ಗಾಳಿಯಿಂದ ಆ ಪುಡಿ ಕುಡಿದಿದ್ದ ನೀರನ್ನು.

ಪೊಟ್ಯಾಶಿಯಂ ಬ್ರೋಮೈಡ್ ತಾನಾಗಿ ಈ ಬೆಳಕನ್ನು ಹೀರುವುದಿಲ್ಲ, ಅದಕ್ಕೇ ಅದನ್ನು ಬಳಸುವುದು, ಆದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರಿನ ಗುರುತು ಎರಡು: 3400ರ ಹತ್ತಿರ ಅಗಲವಾದ ಪೀಕ್, 1640ರ ಹತ್ತಿರ ಇನ್ನೊಂದು ಚಿಕ್ಕದು. ಆಲ್ಕೋಹಾಲ್ ಆಗಿದ್ದರೆ 1000ದಿಂದ 1250ರ ಒಳಗೆ ಎಲ್ಲೋ ಸಿ-ಓ ಬಂಧದ ಗಟ್ಟಿ ಪೀಕ್ ಇರಲೇಬೇಕು. ಗುಮ್ಮಟಕ್ಕೆ ಆ ಜೊತೆಗಾರ ಸಿಗದಿದ್ದರೆ ನೀರನ್ನೇ ಮೊದಲು ಸಂಶಯಪಡಿ. ಪುಡಿಯನ್ನು ಓವನ್‌ನಲ್ಲಿ 110 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ಸ್ಯಾಂಪಲ್ ಹಾಕದ ಬರೀ ಬಿಲ್ಲೆಯನ್ನು ಒಮ್ಮೆ ಓಡಿಸಿ ನೋಡಿ. ಅದರಲ್ಲೂ ಗುಮ್ಮಟ ಬಂದರೆ ಅದು ನಿಮ್ಮ ಸ್ಯಾಂಪಲ್ಲಿನದಲ್ಲ. ವಿಜಯಪುರದ ಬೇಸಿಗೆಯಲ್ಲಿ ಈ ಕಾಟ ಕಡಿಮೆ. ಆದರೆ ಬಾಟಲಿಯ ಮುಚ್ಚಳ ಸಡಿಲ ಬಿಟ್ಟರೆ ಇಲ್ಲೂ ಬಿಡುವುದಿಲ್ಲ.

ಸರಿ, ಈಗ ಹಾಳೆ ತಿರುಗಿಸಿ, ಹೊಸ ಗೆರೆ ಎಳೆಯಿರಿ. ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ತಂದ ಅನ್‌ನೋನ್ ಗ್ರಾಫ್ ಬರೆಯೋಣ. ಬಿಳಿ ಪುಡಿ, 89 ಡಿಗ್ರಿಗೆ ಕರಗಿತ್ತು, ಸೋಡಿಯಂ ಜೊತೆ ಕಾಯಿಸಿ ಮಾಡುವ ಪರೀಕ್ಷೆಯಲ್ಲಿ ನೈಟ್ರೋಜನ್ ಇದೆ ಅಂತ ಬಂದಿತ್ತು. ಗ್ರಾಫಿನಲ್ಲಿ 3420ಕ್ಕೆ ಒಂದು ಕೋಡು, 3340ಕ್ಕೆ ಇನ್ನೊಂದು, ಪಕ್ಕದಲ್ಲಿ 3220ಕ್ಕೆ ಒಂದು ಮರಿ. 1685ಕ್ಕೆ ಆಳದ ಬಾವಿ. 1635, 1600ಕ್ಕೆ ಎರಡು. ಆಮೇಲೆ 1280 ಮತ್ತು 1170ಕ್ಕೆ ಬಾವಿಯಷ್ಟೇ ಗಟ್ಟಿಯಾದ ಎರಡು ಪೀಕ್.

"ಅಮೈಡ್ ಸರ್" ಅಂದಳು.

"ಯಾಕವ್ವಾ ಹಂಗ ಅಂದಿ?"

"ಎರಡು ಎನ್-ಎಚ್ ಅದಾವು, ಕಾರ್ಬೊನಿಲ್ 1685ಕ್ಕ ಐತಿ. ಬೆಂಝಮೈಡ್ ಇರಬೇಕು ಸರ್."

ಅವಳ ತರ್ಕದಲ್ಲಿ ತಪ್ಪಿಲ್ಲ. ನೀವು ಮೂಲೆಯಲ್ಲಿ ಬರೆದಿಟ್ಟ ಸಂಖ್ಯೆ ನೋಡಿ, 1685 ಅಮೈಡಿನ ಸಾಲಿಗೇ ಬೀಳುತ್ತದೆ. ಆದರೆ ಎರಡು ಕೋಡುಗಳ ನಡುವಿನ ಅಂತರ ಅಳೆಯಿರಿ. 3420 ಕಳೆ 3340, ಬರೀ 80. ಬೆಂಝಮೈಡನ್ನು ಬಿಲ್ಲೆ ಮಾಡಿ ಓಡಿಸಿದರೆ ಕೋಡುಗಳು 3370 ಮತ್ತು 3170ರ ಆಸುಪಾಸು ಬರುತ್ತವೆ, ಅಂತರ ಸುಮಾರು 200. ಇಷ್ಟು ಹತ್ತಿರದ ಕೋಡುಗಳು ಅಮೈಡಿನದಲ್ಲ, ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿಕೊಂಡ ಅಮೀನಿನ ಲಕ್ಷಣ. 1635 ಅದೇ ಎನ್‌ಎಚ್‌ಟು ಬಾಗುವ ಪೀಕ್. 3220ರ ಮರಿ ಆ ಬಾಗುವಿಕೆಯ ದುಪ್ಪಟ್ಟು ಸಂಖ್ಯೆಯ ಹತ್ತಿರ ಬರುವ ಓವರ್‌ಟೋನ್, ಅದನ್ನು ಮೂರನೇ ಎನ್-ಎಚ್ ಅಂತ ಎಣಿಸಬಾರದು.

ಇನ್ನು 1280 ಮತ್ತು 1170. ಇವು ಎಸ್ಟರಿನ ಸಿ-ಓ ಬಂಧದವು, ಬೆಂಝಮೈಡಿನಲ್ಲಿ ಆ ಬಂಧವೇ ಇಲ್ಲ. ಹಾಗಾದರೆ ಇದು ಎಸ್ಟರ್. ಎಸ್ಟರ್ ಆದರೆ ಬಾವಿ 1735ರ ಮೇಲೆ ಇರಬೇಕಿತ್ತಲ್ಲ, 1685ಕ್ಕೆ ಯಾಕೆ ಇಳಿಯಿತು? ನನಗೆ ಈ ಗ್ರಾಫ್ ಇಷ್ಟವಾಗುವುದು ಈ ಪ್ರಶ್ನೆಗಾಗಿಯೇ. ಎಸ್ಟರಿನ ಕಾರ್ಬೊನಿಲ್ ಬೆಂಜೀನ್ ಉಂಗುರಕ್ಕೆ ಅಂಟಿದ್ದರೆ ಅಷ್ಟಕ್ಕೇ ಅದು 1720ರ ಹತ್ತಿರ ಬರುತ್ತದೆ, ಯಾಕೆಂದರೆ ಜೋಡಿ ಬಂಧದ ಎಲೆಕ್ಟ್ರಾನುಗಳು ಉಂಗುರದ ಜೊತೆ ಹಂಚಿಹೋಗಿ ಸ್ಪ್ರಿಂಗ್ ಸ್ವಲ್ಪ ಸಡಿಲವಾಗುತ್ತದೆ. ಉಂಗುರದ ಆಚೆ ತುದಿಯಲ್ಲಿ, ನೇರ ಎದುರಿಗೆ ಒಂದು ಅಮೀನ್ ಇದ್ದರೆ ಅದು ತನ್ನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಉಂಗುರದ ಮೂಲಕ ಈ ಕಡೆ ತಳ್ಳುತ್ತದೆ. ಸ್ಪ್ರಿಂಗ್ ಇನ್ನಷ್ಟು ಸಡಿಲ. ಅದರ ಮೇಲೆ, ಗಟ್ಟಿ ಪುಡಿಯಲ್ಲಿ ಪಕ್ಕದ ಅಣುವಿನ ಎನ್-ಎಚ್ ಬಂದು ಈ ಆಕ್ಸಿಜನ್ನನ್ನು ಹಿಡಿದುಕೊಳ್ಳುತ್ತದೆ. ಎಲ್ಲಾ ಸೇರಿ 1685.

ಒಂದೇ ಗ್ರಾಫ್ ನೋಡಿ ಹೆಸರು ಹೇಳಬಾರದು, ಹಾಗಾಗಿ ಅವಳಿಗೆ ಎರಡು ಪರೀಕ್ಷೆ ಮಾಡಲು ಹೇಳಿದೆ. ಮೊದಲನೆಯದು ತೆಳು ಹೈಡ್ರೋಕ್ಲೋರಿಕ್ ಆಮ್ಲ. ಅಮೀನ್ ಆದರೆ ಆಮ್ಲದಲ್ಲಿ ಲವಣವಾಗಿ ಕರಗುತ್ತದೆ, ಬೆಂಝಮೈಡ್ ಹಾಗೆ ಕರಗುವುದಿಲ್ಲ. ನೀರಿನಲ್ಲಿ ತೇಲಾಡುತ್ತಿದ್ದ ಪುಡಿ ಆಮ್ಲ ಹಾಕಿ ಅಲ್ಲಾಡಿಸಿದ ಮೇಲೆ ತಿಳಿಯಾಯಿತು. ಎರಡನೆಯದು, ಆ ತಿಳಿ ದ್ರಾವಣವನ್ನೇ ಐಸಿನಲ್ಲಿಟ್ಟು 5 ಡಿಗ್ರಿಗಿಂತ ಕೆಳಗೆ ತಣ್ಣಗೆ ಮಾಡಿ, ಸೋಡಿಯಂ ನೈಟ್ರೈಟ್ ದ್ರಾವಣವನ್ನು ಹನಿಹನಿಯಾಗಿ ಹಾಕಿ, ಕ್ಷಾರದಲ್ಲಿ ಕರಗಿಸಿದ ಬೀಟಾ ನ್ಯಾಫ್ಥಾಲಿಗೆ ಸುರಿಯುವುದು. ಇಲ್ಲಿ ಆತುರ ಮಾಡಬೇಡಿ. ದ್ರಾವಣ ಬಿಸಿಯಾದರೆ ನಡುವೆ ಹುಟ್ಟುವ ಡಯಜೋನಿಯಂ ಒಡೆದುಹೋಗುತ್ತದೆ, ಆಮೇಲೆ ಬಣ್ಣ ಬರುವುದಿಲ್ಲ. ಅವಳು ಐಸ್ ಎರಡು ಸಲ ಬದಲಿಸಿದಳು. ಸುರಿದ ತಕ್ಷಣ ಟ್ಯೂಬಿನಲ್ಲಿ ಕೇಸರಿ ಕೆಂಪು ಬಣ್ಣ ಎದ್ದಿತು.

ಉಂಗುರಕ್ಕೆ ಅಂಟಿದ ಪ್ರೈಮರಿ ಅಮೀನ್ ಇದೆ, ಎಸ್ಟರ್ ಇದೆ, 89 ಡಿಗ್ರಿಗೆ ಕರಗುತ್ತದೆ. ಬಾಯಿಹುಣ್ಣಿಗೆ ಹಚ್ಚುವ ಕೆಲವು ಜೆಲ್‌ಗಳಲ್ಲಿ ಮರಗಟ್ಟಿಸಲು ಹಾಕುವ ಬೆಂಝೊಕೇನ್ ಎಲ್ಲಕ್ಕೂ ಹೊಂದುತ್ತದೆ. ಆದರೂ ಕೋಡು, ಬಾವಿ ಇಷ್ಟರಿಂದಲೇ ಬೆಂಝೊಕೇನ್ ಅಂತ ಬರೆಯಲು ಬರುವುದಿಲ್ಲ, ಎಸ್ಟರಿನಲ್ಲಿ ಈಥೈಲ್ ಬದಲು ಪ್ರೊಪೈಲ್ ಇದ್ದರೂ ಇವು ಹೆಚ್ಚುಕಡಿಮೆ ಇದೇ ಜಾಗಕ್ಕೆ ಬರುತ್ತವೆ. ಅದನ್ನು ಬೇರ್ಪಡಿಸುವುದು 1500ರ ಕೆಳಗಿನ ಗಿಜಿಗಿಜಿ ಭಾಗ. ಬಾಟಲಿಯಿಂದ ಶುದ್ಧ ಬೆಂಝೊಕೇನ್ ತೆಗೆದು, ಅದೇ ಒಣಗಿದ ಪುಡಿಯಲ್ಲಿ ಬಿಲ್ಲೆ ಮಾಡಿ, ಎರಡು ಗ್ರಾಫುಗಳನ್ನು ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು ನೋಡಿದಳು. 400ರ ತನಕ ಗೆರೆಯ ಮೇಲೆ ಗೆರೆ ಕೂತಿತ್ತು.

ನಮಸ್ಕಾರ.