ಯಾರೂ ಮುಟ್ಟದೆ ಹರಿದ ಮಂಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಂಡ್ಯ ಕಡೆಯ ಒಬ್ಬ ಹುಡುಗ ನನ್ನ ಮುಂದೆ ಕೂತಿದ್ದ. ವಯಸ್ಸು 21. ಕಬಡ್ಡಿ ರೈಡರ್. ಬಲ ಮಂಡಿ ಹಿಡಿದುಕೊಂಡು ಅವನು ಹೇಳಿದ ಮೊದಲ ಮಾತೇ ಇದು: "ಸಾರ್, ನನ್ನನ್ನ ಯಾರೂ ಮುಟ್ಟಿರಲೇ ಇಲ್ಲ."

ಮೈಮೇಲೆ ನಾಲ್ಕು ಜನ ಬೀಳುವ ಆಟದಲ್ಲಿ ಯಾರೂ ಮುಟ್ಟದೆ ಮಂಡಿ ಹೋಗುತ್ತದೆ ಅಂದರೆ ಅವನ ಅಪ್ಪನಿಗೆ ನಂಬಿಕೆ ಇಲ್ಲ. ನನಗೆ ಮಾತ್ರ ಆ ಒಂದು ಮಾತಿಗೇ ಅರ್ಧ ಉತ್ತರ ಸಿಕ್ಕಿತ್ತು.

ಆದದ್ದು ಇಷ್ಟು. ಎದುರಾಳಿ ಅಂಗಳದಲ್ಲಿ ಒಬ್ಬನನ್ನು ಮುಟ್ಟಿ, ನಡುಗೆರೆಯ ಕಡೆ ಓಡಲು ಗಕ್ಕನೆ ತಿರುಗಿದ್ದಾನೆ. ಬಲಗಾಲು ಮ್ಯಾಟ್ ಮೇಲೆ ಊರಿತ್ತು. ಶೂ ಕಚ್ಚಿಕೊಂಡಿತ್ತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ "ಟಪ್" ಅಂತ ಸದ್ದು ಬಂತಂತೆ. ಎರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿ ಥರ ಊದಿತು.

ಮಂಡಿಯ ಒಳಗೆ, ನಟ್ಟನಡುವೆ, ಒಂದು ಗಟ್ಟಿ ಹುರಿ ಇದೆ. ತೊಡೆ ಮೂಳೆಯಿಂದ ಕೆಳಗಿನ ಕಾಲಿನ ಮೂಳೆಗೆ ಓರೆಯಾಗಿ ಇಳಿಯುತ್ತದೆ. ನಾವು ಇದನ್ನು ಎಸಿಎಲ್ ಅನ್ನುತ್ತೇವೆ. ಉದ್ದ ಸುಮಾರು 3 ಸೆಂಟಿಮೀಟರ್, ಅಗಲ ಹೆಚ್ಚೆಂದರೆ ಕಿರುಬೆರಳಿನಷ್ಟು. ಚಿಕ್ಕದು ಅನ್ನಿಸುತ್ತದೆ, ಅಲ್ವಾ? ಆದರೆ ಯುವಕರಲ್ಲಿ ಇದನ್ನು ಹರಿಯಬೇಕಾದರೆ ಸುಮಾರು 220 ಕೆಜಿ ಭಾರದಷ್ಟು ಎಳೆತ ಬೇಕು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವುದು, ಜಾಸ್ತಿ ತಿರುಚದಂತೆ ತಡೆಯುವುದು ಇದರ ಕೆಲಸ.

ಇದು ಹರಿಯುವ ಭಂಗಿ ಹೆಚ್ಚುಕಡಿಮೆ ಯಾವಾಗಲೂ ಒಂದೇ. ಪಾದ ನೆಲಕ್ಕೆ ಊರಿರುತ್ತದೆ. ಮಂಡಿ ಪೂರ್ತಿ ನೆಟ್ಟಗೂ ಇಲ್ಲ, ಪೂರ್ತಿ ಮಡಚಿಯೂ ಇಲ್ಲ, ಸ್ವಲ್ಪ ಬಾಗಿರುತ್ತದೆ. ಅದೇ ಹೊತ್ತಿಗೆ ಮಂಡಿ ಒಳಗಡೆಗೆ, ಇನ್ನೊಂದು ಕಾಲಿನ ಕಡೆಗೆ, ಕುಸಿಯುತ್ತದೆ. ತೊಡೆಯ ಮುಂದಿನ ದೊಡ್ಡ ಸ್ನಾಯು ಕಾಲು ನಿಲ್ಲಿಸಲು ಬಿಗಿಯುತ್ತದಲ್ಲ, ಅದು ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದುಬಿಡುತ್ತದೆ. ಇಷ್ಟೂ ಮುಗಿಯುವುದು ಪಾದ ಊರಿದ ಮರುಗಳಿಗೆಯಲ್ಲಿ. ಕಣ್ಣು ಮಿಟುಕಿಸಲೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹತ್ತು ಜನರಿಗೆ ಎಸಿಎಲ್ ಹರಿದರೆ ಸುಮಾರು ಏಳು ಜನರಿಗೆ ಯಾರೂ ನೇರವಾಗಿ ಮಂಡಿಗೆ ಹೊಡೆದಿರುವುದಿಲ್ಲ. ಈ ಹುಡುಗ ಚಿಕ್ಕಂದಿನಿಂದ ಮಣ್ಣಿನ ಅಂಗಳದಲ್ಲಿ ಆಡಿದವನು. ಮಣ್ಣಾಗಿದ್ದರೆ ಪಾದ ಜಾರುತ್ತಿತ್ತು, ಬಿದ್ದು ಚರ್ಮ ತರಚುತ್ತಿತ್ತು, ಮಂಡಿ ಉಳಿಯುತ್ತಿತ್ತೇನೋ.

ಇನ್ನು ಆ ಊತ. ಉಳುಕಿದರೂ ಮಂಡಿ ಊದುತ್ತದೆ. ಆದರೆ ಅದು ಸಾಮಾನ್ಯವಾಗಿ ನಿಧಾನ, ಮಾರನೇ ದಿನ ಎದ್ದಾಗ ಕಾಣುವ ಊತ. ಒಂದೆರಡು ಗಂಟೆಯಲ್ಲಿ ಬಿಗಿಯಾಗಿ ಊದಿದರೆ ಒಳಗೆ ತುಂಬಿರುವುದು ರಕ್ತ. ಎಸಿಎಲ್‌ನಲ್ಲಿ ರಕ್ತನಾಳಗಳಿವೆ, ಹರಿದಾಗ ಅವು ಸುರಿಯುತ್ತವೆ. ಹಾಗಾಗಿ ನಾನು ಮೊದಲು ಕೇಳುವುದು "ಎಷ್ಟು ಊದಿತ್ತು" ಅಂತ ಅಲ್ಲ, "ಎಷ್ಟು ಹೊತ್ತಿಗೆ ಊದಿತು" ಅಂತ.

ಹುಡುಗ ನನ್ನ ಹತ್ತಿರ ಬಂದಾಗ ಪೆಟ್ಟಾಗಿ ಐದು ವಾರ ಆಗಿತ್ತು. ಪೆಟ್ಟಾದ ದಿನವೇ ಒಂದು ಕಡೆ ತೋರಿಸಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ, ಉಳುಕು ಅಂದಿದ್ದರಂತೆ. ಆಮೇಲೆ ಊರಲ್ಲಿ ಎಣ್ಣೆ ತಿಕ್ಕಿಸಿದ್ದಾರೆ. ಊತ ಇಳಿದಿದೆ, ನಡೆಯುತ್ತಾನೆ, ಬೈಕೂ ಓಡಿಸುತ್ತಾನೆ. "ವಾಸಿ ಆಯ್ತು ಅಂತ ಆಡೋಕೆ ಹೋದೆ ಸಾರ್. ತಿರುಗಿದ ತಕ್ಷಣ ಮಂಡಿ ಕಳಚಿಕೊಂಡ ಹಾಗಾಯ್ತು." ನೇರ ನಡೆಯುವಾಗ ಎಸಿಎಲ್‌ಗೆ ಅಷ್ಟೇನೂ ಕೆಲಸವಿಲ್ಲ. ಅದರ ಗೈರುಹಾಜರಿ ಗೊತ್ತಾಗುವುದು ತಿರುಗುವಾಗ.

ಆವತ್ತು ಮಂಡಿ ಮುಟ್ಟಿ ನೋಡಿರಲಿಲ್ಲವೇ ಅಂದರೆ ನೋಡಿದ್ದರು. ಮಂಡಿಯನ್ನು 90 ಡಿಗ್ರಿ ಮಡಚಿಸಿ, ಪಾದದ ಮೇಲೆ ಕೂತು, ಕಾಲನ್ನು ಮುಂದಕ್ಕೆ ಎಳೆದಿದ್ದರಂತೆ. ಮೇಜಿನ ಡ್ರಾಯರ್ ಎಳೆದ ಹಾಗೆ ಇರುವುದರಿಂದ ಇದಕ್ಕೆ ಡ್ರಾಯರ್ ಪರೀಕ್ಷೆ ಅಂತಲೇ ಹೆಸರು. ಹೊಸ ಪೆಟ್ಟಿನಲ್ಲಿ ಇದು ನಮ್ಮನ್ನು ಚೆನ್ನಾಗಿ ಏಮಾರಿಸುತ್ತದೆ. ರಕ್ತ ತುಂಬಿದ ಮಂಡಿ ಅಷ್ಟು ಮಡಚುವುದೇ ಕಷ್ಟ. ನೋವಿಗೆ ತೊಡೆಯ ಹಿಂದಿನ ಸ್ನಾಯುಗಳು ಬಿಗಿದುಕೊಂಡು ಕಾಲನ್ನು ಹಿಂದಕ್ಕೆ ಹಿಡಿದಿರುತ್ತವೆ. ಎಳೆದರೆ ಅಲುಗುವುದಿಲ್ಲ. ವೈದ್ಯರು "ಸರಿ ಇದೆ" ಅಂದುಬಿಡುತ್ತಾರೆ. ನಾನೂ ಕಲಿಯುವ ದಿನಗಳಲ್ಲಿ ಹೀಗೆ ಏಮಾರಿದ್ದೇನೆ.

ಅದಕ್ಕೇ ನನ್ನ ನಂಬಿಕೆಯ ಪರೀಕ್ಷೆ ಲ್ಯಾಕ್‌ಮನ್. ಅಮೆರಿಕದ ಫಿಲಡೆಲ್ಫಿಯಾದ ಮೂಳೆ ವೈದ್ಯ ಜಾನ್ ಲ್ಯಾಕ್‌ಮನ್ ಹೆಸರಿನದು. ಅವರ ಶಿಷ್ಯ ಜೋಸೆಫ್ ಟೋರ್ಗ್ 1976ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಇಲ್ಲಿ ಮಂಡಿಯನ್ನು 20ರಿಂದ 30 ಡಿಗ್ರಿ ಬಾಗಿಸಿದರೆ ಸಾಕು. ಒಂದು ಕೈ ತೊಡೆಯನ್ನು ಅಲುಗದಂತೆ ಹಿಡಿಯುತ್ತದೆ, ಇನ್ನೊಂದು ಕೈ ಕೆಳಗಿನ ಕಾಲನ್ನು ಮುಂದಕ್ಕೆ ಎಳೆಯುತ್ತದೆ. ಕಬಡ್ಡಿಯವರ ತೊಡೆ ನನ್ನ ಒಂದು ಕೈಗೆ ಸಿಗುವುದಿಲ್ಲ. ಅಂಥವರ ತೊಡೆಯ ಕೆಳಗೆ ನನ್ನ ಮಂಡಿಯನ್ನೇ ಇಟ್ಟು, ಮೇಲಿನಿಂದ ಒತ್ತಿ ಹಿಡಿಯುತ್ತೇನೆ.

ಎಷ್ಟು ಜಾರಿತು ಅನ್ನುವುದು ಒಂದು. ಹೇಗೆ ನಿಂತಿತು ಅನ್ನುವುದು ಅದಕ್ಕಿಂತ ಮುಖ್ಯ. ಗೂಟಕ್ಕೆ ಕಟ್ಟಿದ ಕರು ಓಡಿ ಹೋಗಿ, ಹಗ್ಗ ಬಿಗಿದಾಗ ಟಕ್ ಅಂತ ನಿಲ್ಲುತ್ತದೆ. ಒಳ್ಳೆಯ ಎಸಿಎಲ್ ಹಾಗೆ ನಿಲ್ಲಿಸುತ್ತದೆ. ಹರಿದಿದ್ದರೆ ಆ ಟಕ್ ಇರುವುದಿಲ್ಲ, ಮೆತ್ತಗೆ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಒಂದು ಎಚ್ಚರ ಬೇಕು. ಹುಟ್ಟಿನಿಂದಲೇ ಕೀಲು ಸಡಿಲ ಇರುವವರಿದ್ದಾರೆ. ಅದಕ್ಕೆ ಮೊದಲು ಚೆನ್ನಾಗಿರುವ ಕಾಲನ್ನು ನೋಡಬೇಕು. ಪೆಟ್ಟಾದ ಕಡೆ 3 ಮಿಲಿಮೀಟರಿಗಿಂತ ಜಾಸ್ತಿ ಜಾರಿದರೆ ಅನುಮಾನ ಗಟ್ಟಿಯಾಗುತ್ತದೆ. ಈ ಹುಡುಗನ ಎಡಗಾಲು ಟಕ್ ಅಂದಿತು. ಬಲಗಾಲು ಹೋಗುತ್ತಲೇ ಇತ್ತು.

ಕೊನೆಗೆ ಪಿವಟ್ ಶಿಫ್ಟ್. ಕಾಲನ್ನು ನೆಟ್ಟಗೆ ಎತ್ತಿ, ಪಾದವನ್ನು ಒಳಕ್ಕೆ ತಿರುಗಿಸಿ, ಮಂಡಿಯ ಹೊರಬದಿಯಿಂದ ಒತ್ತುತ್ತಾ ನಿಧಾನ ಮಡಚುತ್ತೇವೆ. ಎಸಿಎಲ್ ಇಲ್ಲದಿದ್ದರೆ ಮೊದಲೇ ಮುಂದೆ ಜಾರಿದ್ದ ಮೂಳೆ 30 ಡಿಗ್ರಿಯ ಆಸುಪಾಸಿನಲ್ಲಿ ಜಿಗಿದು ಹಿಂದಕ್ಕೆ ಬರುತ್ತದೆ. ಹುಡುಗ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡ. "ಇದೇ ಸಾರ್, ಅಂಗಳದಲ್ಲಿ ಆಗಿದ್ದು ಇದೇ!"

ಎಂಆರ್‌ಐ ಮಾಡಿಸಿದ್ದು ಎಸಿಎಲ್ ಹರಿದಿದೆಯೋ ಇಲ್ಲವೋ ನೋಡಲು ಅಲ್ಲ. ಅದು ಕೈಗೇ ಗೊತ್ತಾಗಿತ್ತು. ಎರಡು ಮೂಳೆಗಳ ನಡುವಿನ ಗಾದಿ, ಅಂದರೆ ಮೆನಿಸ್ಕಸ್, ಸರಿ ಇದೆಯೇ ಅಂತ ನೋಡಬೇಕಿತ್ತು. ಸರಿ ಇತ್ತು, ಪುಣ್ಯ. ಮಂಡಿ ಹೀಗೆ ಪದೇ ಪದೇ ಕಳಚುತ್ತಿದ್ದರೆ ಆ ಗಾದಿ ಒಂದು ದಿನ ಹರಿಯುತ್ತದೆ. ಆಮೇಲೆ ಸವೆತ ಬೇಗ ಶುರುವಾಗುತ್ತದೆ.

ಹರಿದ ತುದಿಗಳನ್ನೇ ಹೊಲಿಯಬಾರದೇ ಅಂತ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಮಂಡಿಯೊಳಗಿನ ನೀರಿನಲ್ಲಿ ಆ ತುದಿಗಳು ತೇಲುತ್ತಿರುತ್ತವೆ, ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಹೆಪ್ಪು ನಿಲ್ಲದಿದ್ದರೆ ಗಾಯ ಕೂಡುವುದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಬೇರೆ ಕಡೆಯಿಂದ ಹುರಿ ತಂದು ಹೊಸದಾಗಿ ಕಟ್ಟುತ್ತೇವೆ. ಅದೇ ಗ್ರಾಫ್ಟ್. ಎಲ್ಲಿಂದ ತರುವುದು ಅನ್ನುವಲ್ಲಿ ಅವನ ಬದುಕನ್ನೂ ನೋಡಬೇಕಾಗುತ್ತದೆ.

ನಮ್ಮಲ್ಲಿ ಹೆಚ್ಚು ಬಳಸುವುದು ಹ್ಯಾಮ್‌ಸ್ಟ್ರಿಂಗ್. ಮಂಡಿಯ ಒಳಬದಿಯಲ್ಲಿ, ಸ್ವಲ್ಪ ಕೆಳಗೆ ಚಿಕ್ಕದಾಗಿ ಕೊಯ್ದು, ತೊಡೆಯ ಹಿಂದಿನಿಂದ ಬರುವ ಎರಡು ಹುರಿಗಳನ್ನು ತೆಗೆದು, ಮಡಚಿ ನಾಲ್ಕು ಎಳೆ ಮಾಡುತ್ತೇವೆ. ಗಾಯ ಸಣ್ಣದು, ನೋವು ಕಡಿಮೆ. ತೊಂದರೆ ಏನೆಂದರೆ ದಪ್ಪ ನಮ್ಮ ಕೈಲಿಲ್ಲ. ಮಡಚಿದ ಮೇಲೆ 8 ಮಿಲಿಮೀಟರ್ ಬಂದರೆ ಸಮಾಧಾನ. ಅದಕ್ಕಿಂತ ತೆಳುವಾದರೆ, ಅದರಲ್ಲೂ ಆಡುವ ಹುಡುಗರಲ್ಲಿ, ಮತ್ತೆ ಹರಿಯುವ ಭಯ ಜಾಸ್ತಿ. ಈ ಹುಡುಗ ಗಟ್ಟಿಮುಟ್ಟು, ಆದರೆ ಗಿಡ್ಡ. ಗಿಡ್ಡ ಮೈಗೆ ಹುರಿಗಳೂ ಸಣ್ಣವೇ ಇರುತ್ತವೆ. ಇನ್ನೊಂದು ವಿಷಯ, ಕೆಳಗಿನ ಮೂಳೆಯನ್ನು ಹಿಂದಕ್ಕೆ ಹಿಡಿದು ಎಸಿಎಲ್‌ಗೆ ನೆರವಾಗುವುದೇ ತೊಡೆಯ ಹಿಂದಿನ ಈ ಸ್ನಾಯುಗಳು. ಅವನ್ನೇ ಸೊರಗಿಸಲು ನನಗೆ ಮನಸ್ಸು ಬರಲಿಲ್ಲ.

ಎರಡನೆಯದು ಮಂಡಿ ಚಿಪ್ಪಿನ ಕೆಳಗಿನ ಹುರಿ. ನಡುವಿನ 10 ಮಿಲಿಮೀಟರ್ ಅಗಲದ ಪಟ್ಟಿಯನ್ನು ಎರಡೂ ತುದಿಯ ಮೂಳೆ ತುಂಡುಗಳ ಸಮೇತ ತೆಗೆಯುತ್ತೇವೆ. ಮೂಳೆಗೆ ಮೂಳೆ ಕೂಡುವುದು ಬೇಗ, ಆರರಿಂದ ಎಂಟು ವಾರ ಸಾಕು. ಬರೀ ಹುರಿ ಮೂಳೆಯೊಳಗೆ ಬೇರುಬಿಡಲು ಇನ್ನೂ ಜಾಸ್ತಿ ದಿನ ಬೇಕು. ದೊಡ್ಡ ಆಟಗಾರರಿಗೆ ಬಹಳ ವೈದ್ಯರು ಇದನ್ನೇ ಆರಿಸುತ್ತಾರೆ. ನಾನೂ ಇದಕ್ಕೇ ವಾಲಿದ್ದೆ. ಸುಮ್ನೆ ಮಾತಿಗೆ ಅಂತ ಅಪ್ಪನನ್ನು ಕೇಳಿದೆ, "ನೀವೇನು ಕೆಲಸ ಮಾಡ್ತೀರಿ?" ಅಂತ.

"ಟೈಲ್ಸ್ ಹಾಕ್ತೀನಿ ಡಾಕ್ಟ್ರೇ. ಇವನೂ ಬರ್ತಾನೆ ಜತೆಗೆ."

ಟೈಲ್ಸ್ ಹಾಕುವವರು ದಿನವಿಡೀ ಮಂಡಿಯೂರಿಯೇ ಇರುತ್ತಾರೆ. ಚಿಪ್ಪಿನ ಕೆಳಗಿನಿಂದ ಹುರಿ ತೆಗೆದವರಲ್ಲಿ ಬಹಳ ಜನಕ್ಕೆ ಮಂಡಿಯೂರಿದರೆ ನೋವು, ವರ್ಷಗಟ್ಟಲೆ ಇರುವುದೂ ಉಂಟು. ನಾನು ಆ ಆಯ್ಕೆಯನ್ನು ಅಲ್ಲಿಗೇ ಬಿಟ್ಟೆ.

ಹೊರ ಪಾದಗಂಟಿನ ಹಿಂದಿನಿಂದ ತೆಗೆಯುವ ಪೆರೋನಿಯಸ್ ಹುರಿ ಈಗ ನಮ್ಮ ದೇಶದಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ದಪ್ಪ ಸಿಗುತ್ತದೆ. ಆದರೆ ಎದುರಾಳಿಗಳು ರೈಡರನ್ನು ಹಿಡಿಯುವುದೇ ಪಾದಗಂಟಿಗೆ. ಆ ಜಾಗ ಮುಟ್ಟುವುದು ಬೇಡ ಅನ್ನಿಸಿತು. ತೀರಿಕೊಂಡವರು ದಾನ ಕೊಟ್ಟ ಹುರಿಯೂ ಒಂದು ದಾರಿ, ಆದರೆ ಎಳೆಯ ಆಟಗಾರರಲ್ಲಿ ಅದು ಮತ್ತೆ ಹರಿಯುವುದು ಜಾಸ್ತಿ.

ಉಳಿದದ್ದು ಚಿಪ್ಪಿನ ಮೇಲಿನ ಹುರಿ, ಕ್ವಾಡ್ರಿಸೆಪ್ಸ್ ಟೆಂಡನ್. ದಪ್ಪವಾದದ್ದು, ಬೇಕಾದ ಅಳತೆಗೆ ಕೊಯ್ಯಬಹುದು. ಮಂಡಿಯೂರಿದಾಗ ನೆಲಕ್ಕೆ ತಾಗುವ ಜಾಗವಲ್ಲ. ಬೆಲೆ ಇಲ್ಲದೆ ಇಲ್ಲ. ತೊಡೆಯ ಮುಂದಿನ ಸ್ನಾಯುವಿನ ಬಲ ವಾಪಸ್ ಬರಲು ತಿಂಗಳುಗಟ್ಟಲೆ ದುಡಿಯಬೇಕು. ಅಪ್ಪ ಮಗ ಇಬ್ಬರಿಗೂ ಅದನ್ನು ಬಿಡಿಸಿ ಹೇಳಿದೆ. ಒಪ್ಪಿದರು. 10 ಮಿಲಿಮೀಟರ್ ಅಗಲದ ಪಟ್ಟಿ ತೆಗೆದು ಕಟ್ಟಿದೆವು.

ಹೊಸ ಹುರಿ ಮೊದಲ ದಿನವೇ ಎಸಿಎಲ್ ಆಗಿಬಿಡುವುದಿಲ್ಲ. ರಕ್ತ ಸಂಪರ್ಕ ಕಡಿದ ತುಂಡು ಅದು. ಮೊದಲು ಮೆದುವಾಗುತ್ತದೆ, ಆಮೇಲೆ ಹೊಸ ರಕ್ತನಾಳ ಬಂದು ನಿಧಾನ ಗಟ್ಟಿಯಾಗುತ್ತದೆ. ಎರಡು ಮೂರನೇ ತಿಂಗಳ ಹೊತ್ತಿಗೆ ನೋವು ಹೋಗಿ, ಊತ ಹೋಗಿ, ಹುಡುಗರಿಗೆ ಓಡಿಬಿಡೋಣ ಅನ್ನಿಸುತ್ತದೆ. ಹುರಿ ತೀರಾ ದುರ್ಬಲ ಇರುವುದೂ ಆಗಲೇ.

ಏಳನೇ ತಿಂಗಳಲ್ಲಿ ಹುಡುಗ ಬಂದ. ಊರ ಹಬ್ಬಕ್ಕೆ ಪಂದ್ಯ ಇದೆ, ಆಡಲೇ ಅಂತ ಕೇಳಿದ. ತೊಡೆಯ ಮುಂದಿನ ಸ್ನಾಯುವಿನ ಬಲ ಅಳೆಸಿದೆ. ಎಡಗಾಲಿನ ಬಲ 100 ಅಂದರೆ ಬಲಗಾಲಿನದು 74. ನನಗೆ 90 ಬೇಕು, ಜತೆಗೆ ಒಂಬತ್ತು ತಿಂಗಳಾದರೂ ತುಂಬಿರಬೇಕು. "ಇಲ್ಲಪ್ಪಾ" ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಆ ಪಂದ್ಯಕ್ಕೆ ಅಂಕ ಬರೆಯಲು ಕೂತಿದ್ದನಂತೆ.

ಹನ್ನೊಂದನೇ ತಿಂಗಳಲ್ಲಿ ಮತ್ತೆ ಬಂದ. ಬಲ 93. ಮೇಜಿನ ಮೇಲೆ ಮಲಗಿಸಿ, ತೊಡೆ ಕೆಳಗೆ ನನ್ನ ಮಂಡಿ ಇಟ್ಟು, ಕಾಲು ಎಳೆದೆ. ಟಕ್ ಅಂತ ನಿಂತಿತು. ಹೊರಡುವಾಗ ಬಾಗಿಲ ಬಳಿ ತಿರುಗಿ, ನಿಮ್ಮ ರೂಮಿನ ಮೂಲೆಯ ಟೈಲ್ಸ್ ಎದ್ದಿದೆ ಸಾರ್, ಭಾನುವಾರ ಬಂದು ಕೂರಿಸಿಕೊಡಲಾ ಅಂತ ಕೇಳಿದ.

ನಮಸ್ಕಾರ.